‘ಅಡ್ವಾನ್ಸ್’ ಎಂದರೆ ಯಾರ ಹಣ?

ನಮ್ಮಲ್ಲಿ ಹಲವರು ಗಲ್ಫ್‌ನಲ್ಲಿ ದುಡಿದ ಹಣದಿಂದ ಮನೆ ಮೇಲೊಂದು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ದೇರಳಕಟ್ಟೆ, ಸುರತ್ಕಲ್ ಕಡೆ ಮನೆ ಕೇಳಿಕೊಂಡು ಬರುವವರು ಊರಿನವರು ಮಾತ್ರ ಅಲ್ಲ. ಕೇರಳದ ವಿದ್ಯಾರ್ಥಿಗಳು, ಉತ್ತರ ಭಾರತದಿಂದ ಕೆಲಸಕ್ಕೆ ಬಂದವರೂ ಇದ್ದಾರೆ. ಹಾಗಾಗಿ ಜಾಹೀರಾತನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯುವುದು ಸರಿಯೇ. ಆದರೆ ನಾವು ಊರಿನ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಳಿಸಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ.

ನಮ್ಮ ಪರಿಚಯದ ಹಾಜಿಯೊಬ್ಬರು ಎರಡು ಬೆಡ್‌ರೂಮಿನ ಮನೆಗೆ ‘ಬಾಡಿಗೆ 10,000, ಅಡ್ವಾನ್ಸ್ 50,000’ ಎಂದು ಎರಡೂ ಭಾಷೆಯಲ್ಲಿ ಬರೆಸಿದರು. ಉತ್ತರದ ಕಡೆಯ ಯುವಕನೊಬ್ಬ ಹಣ ಕೊಟ್ಟು ಬಂದು ಕೂತ. ಮೊದಲ ತಿಂಗಳು ಬಾಡಿಗೆ ಬರಲಿಲ್ಲ, ಎರಡನೇ ತಿಂಗಳೂ ಇಲ್ಲ. ಕೇಳಿದರೆ, “ಅಂಕಲ್, ಐದು ತಿಂಗಳ ಬಾಡಿಗೆ ಮೊದಲೇ ಕೊಟ್ಟಿದ್ದೇನಲ್ಲ?” ಎಂದ. ಇವರು ಮೋಸ ಅಂದರು, ಅವನೂ ಮೋಸ ಅಂದ. ನಮಗೆ ಕಂಡಂತೆ ಇಬ್ಬರಲ್ಲೂ ಮೋಸ ಇರಲಿಲ್ಲ. ನಮ್ಮಲ್ಲಿ ಅಡ್ವಾನ್ಸ್ ಅಂದರೆ ಮನೆ ಬಿಡುವಾಗ ವಾಪಸ್ ಕೊಡುವ ಹಣ. ಇಂಗ್ಲಿಷ್‌ನಲ್ಲಿ ಓದಿದವನಿಗೆ ಅದು ಮುಂಗಡ ಬಾಡಿಗೆಯಾಗಿ ಕಾಣಬಹುದು. ಇಂಗ್ಲಿಷ್‌ನಲ್ಲಿ ‘ರಿಫಂಡಬಲ್ ಸೆಕ್ಯೂರಿಟಿ ಡೆಪಾಸಿಟ್’ ಎಂದು ಬರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪೇಂಟಿಂಗ್‌ಗೆಂದು ಅದರಲ್ಲಿ ಹಿಡಿಯುವುದಿದ್ದರೆ ಎಷ್ಟು ಹಿಡಿಯುತ್ತೇವೆ ಎನ್ನುವುದನ್ನೂ ಬರೆಯಬೇಕು. ಇದನ್ನು ಊರಿನವರಿಗೂ ನಾವು ಕೊನೆಯ ದಿನವೇ ಹೇಳುವುದು, ಅದು ಬೇರೆ ಮಾತು.

‘ಲೀಸ್’ ಪದ ಇನ್ನೂ ಕಷ್ಟದ್ದು. ಲೀಸಿಗೆ ಮನೆ ಎಂದರೆ ಒಟ್ಟು ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಅವಧಿ ಮುಗಿದಾಗ ಮೊತ್ತ ವಾಪಸ್ ಪಡೆಯುವುದು ಎಂದು ಇಲ್ಲಿನವರಿಗೆ ಗೊತ್ತು. ಇಂಗ್ಲಿಷ್‌ನಲ್ಲಿ ಸಾಮಾನ್ಯ ಬಾಡಿಗೆ ಕರಾರೂ ಲೀಸೇ. ಹಾಗಾಗಿ ‘ತಿಂಗಳ ಬಾಡಿಗೆ ಇಲ್ಲ, ಪೂರ್ತಿ ಹಣ ಇಷ್ಟು ವರ್ಷದ ನಂತರ ವಾಪಸ್’ ಎಂದು ಬಿಡಿಸಿಯೇ ಬರೆಯಬೇಕು.

ನೀರಿನ ವಿಷಯದಲ್ಲಿ ಮಾತ್ರ ನಮ್ಮ ಇಂಗ್ಲಿಷ್ ತುಂಬ ಧಾರಾಳ. ಕನ್ನಡದಲ್ಲಿ ‘ಬಾವಿ ನೀರು’ ಎಂದು ಬರೆದವರೇ ಇಂಗ್ಲಿಷ್‌ನಲ್ಲಿ ‘24 ಗಂಟೆ ನೀರು’ ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ಪಾಡೇನೆಂದು ಊರಿನವನಿಗೆ ಗೊತ್ತಿದೆ, ಹೊರಗಿನವನಿಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಹಣ ಯಾರದ್ದು ಎಂಬ ಒಂದು ಸಾಲು ಎರಡರಲ್ಲೂ ಇರಲಿ. ಕರೆಂಟಿಗೆ ಬೇರೆ ಮೀಟರ್ ಇದೆಯೇ, ಫ್ಯಾಮಿಲಿಗೆ ಮಾತ್ರವೇ ಎನ್ನುವುದೂ ಹಾಗೆಯೇ. ಒಂದು ಭಾಷೆಯಲ್ಲಿರುವ ಷರತ್ತು ಇನ್ನೊಂದರಲ್ಲಿ ಇಲ್ಲದಿದ್ದರೆ ಅದನ್ನು ಮುಚ್ಚಿಟ್ಟಂತೆಯೇ.

ಬೋರ್ಡ್ ಹಾಕುವ ಮೊದಲು ಕನ್ನಡ ಮಾತ್ರ ಓದುವ ಒಬ್ಬರಿಗೆ, ಇಂಗ್ಲಿಷ್ ಮಾತ್ರ ಓದುವ ಒಬ್ಬರಿಗೆ ತೋರಿಸಿ. ಮೊದಲ ತಿಂಗಳ ಬಾಡಿಗೆಯೂ ಸೇರಿ ಕೀ ಪಡೆಯುವ ದಿನ ಎಷ್ಟು ತರಬೇಕು, ಬಿಡುವ ದಿನ ಎಷ್ಟು ಸಿಗುತ್ತದೆ ಎಂದು ಕೇಳಿ. ಹಾಜಿಯವರ ಮನೆಗಾದರೆ ಇಬ್ಬರೂ ತರುವುದು 60,000, ಸಿಗುವುದು 50,000 ಎನ್ನಬೇಕು. ಇಂಗ್ಲಿಷ್ ಓದಿದವರು 50,000 ತಂದರೆ ಸಾಕು, ವಾಪಸ್ ಏನೂ ಇಲ್ಲ ಎಂದರೆ ಆ ಸಾಲನ್ನು ತಿದ್ದಿ ಬರೆಯಿರಿ.