ಬೆರಕೆ ಎಂಬ ಒಂದೇ ಹೆಸರು ಸಾಲದು

ದ್ವಿಭಾಷಿಕರ ಮಾತಿನಲ್ಲಿ ಅನ್ಯಭಾಷೆಯ ಪದ ಕಂಡೊಡನೆ ಅದಕ್ಕೆ ‘ಕಲಬೆರಕೆ’ ಎಂಬ ಹೆಸರಿಟ್ಟು ವಿಚಾರವನ್ನು ಮುಗಿಸುವುದು ಕನ್ನಡ ವಿಮರ್ಶೆಯಲ್ಲಿ ರೂಢಿಯಾಗಿದೆ. ಪದ ಯಾವ ಭಾಷೆಯದೆಂದು ಎಣಿಸುವ ಈ ಕ್ರಮವೇ ದೋಷಯುಕ್ತವಾದುದು. ಕೇಳಬೇಕಾದ ಪ್ರಶ್ನೆ ಬೇರೆ: ಆ ಪದ ಯಾವ ವ್ಯಾಕರಣಕ್ಕೆ ಅಧೀನವಾಗಿದೆ?

‘ಕಮಿಟಿಯವರು ರಿಪೋರ್ಟನ್ನು ಸಬ್ಮಿಟ್ ಮಾಡಿದರು’ ಎಂಬ ವಾಕ್ಯವನ್ನು ನೋಡಬಹುದು. ಇಲ್ಲಿ ಇಂಗ್ಲಿಷಿನ ಪದಗಳು ಮೂರು. ಇಂಗ್ಲಿಷಿನ ವ್ಯಾಕರಣ ಲೇಶವೂ ಇಲ್ಲ. ‘ರಿಪೋರ್ಟ್’ ದ್ವಿತೀಯಾ ವಿಭಕ್ತಿಯನ್ನು ಧರಿಸಿದೆ, ಕರ್ಮಪದ ಕ್ರಿಯೆಗಿಂತ ಮೊದಲು ನಿಂತಿದೆ, ಕಾಲವನ್ನೂ ವಚನವನ್ನೂ ‘ಮಾಡು’ ಧಾತು ಹೊತ್ತಿದೆ. ಇದು ಎರವಲು. ‘ಕಮಿಟಿಯವರು ಬಂದಿದ್ದರು, ಬಟ್ ದೇ ಡಿಡಂಟ್ ಸಬ್ಮಿಟ್ ದ ರಿಪೋರ್ಟ್’ ಎಂದಾಗ ಸ್ಥಿತಿ ಬೇರೆ. ಅಲ್ಪವಿರಾಮದ ಆಚೆಗೆ ಕರ್ಮಪದ ಕ್ರಿಯೆಯ ನಂತರಕ್ಕೆ ಸರಿದಿದೆ, ನಿಷೇಧ ಕ್ರಿಯೆಗಿಂತ ಮುಂಚೆಯೇ ಬಂದಿದೆ, ವಿಭಕ್ತಿ ಮಾಯವಾಗಿದೆ. ಮಾತುಗಾರ ಒಂದು ವ್ಯಾಕರಣವನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದಾನೆ. ಇದು ಕೋಡ್ ಸ್ವಿಚಿಂಗ್, ಅಂದರೆ ಭಾಷಾಪಲ್ಲಟ.

ನಿಘಂಟಿನಲ್ಲಿಲ್ಲದ ‘ಸಬ್ಮಿಟ್’ ಎರವಲಾಗುವುದು ಹೇಗೆಂಬ ಆಕ್ಷೇಪ ಸಹಜ. ಶಾನಾ ಪೋಪ್ಲ್ಯಾಕ್ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ಉತ್ತರವಿತ್ತಿದ್ದಾರೆ. ತಮಿಳು–ಇಂಗ್ಲಿಷ್ ಮಾತನ್ನು ಕುರಿತ 1990ರ ಅಧ್ಯಯನದಲ್ಲಿ ಅವರು ತಮಿಳು ವಿಭಕ್ತಿ ಹತ್ತಿದ ಇಂಗ್ಲಿಷ್ ನಾಮಪದಗಳನ್ನು ತತ್ಕಾಲದ ಎರವಲೆಂದು ಗುರುತಿಸಿದರು. ‘ಬಸ್ಸು’ ಇಂಗ್ಲಿಷ್ ಅರಿಯದವರ ಬಾಯಲ್ಲೂ ಇದೆ. ತತ್ಕಾಲದ ಎರವಲು ದ್ವಿಭಾಷಿಕರ ಬಾಯಲ್ಲಿ ಮಾತ್ರ ಹುಟ್ಟುತ್ತದೆ. ಬಳಕೆಯ ವ್ಯಾಪ್ತಿ ಬೇರೆಯಾದರೂ ವ್ಯಾಕರಣದ ವರ್ತನೆ ಒಂದೇ. ಕ್ಯಾರಲ್ ಮೈಯರ್ಸ್-ಸ್ಕಾಟನ್ ಇದನ್ನೊಪ್ಪದೆ, ಇಂಥ ಬಿಡಿಪದಗಳನ್ನೂ ಪಲ್ಲಟದಲ್ಲೇ ಸೇರಿಸುತ್ತಾರೆ. ಆದರೆ ವಾಕ್ಯದ ಚೌಕಟ್ಟನ್ನು ಒಂದೇ ಭಾಷೆ ಒದಗಿಸುತ್ತದೆಂಬುದು ಅವರ ಸಿದ್ಧಾಂತದ ಬುಡದಲ್ಲೂ ಇದೆ. ಎರಡೂ ಪಕ್ಷಗಳು ನೋಡುವುದು ವ್ಯಾಕರಣವನ್ನೇ. ‘ಬುಕ್ ಇಲ್ಲ’ ಎಂಬಲ್ಲಿ ಪ್ರತ್ಯಯವೇ ಕಾಣದಿರುವುದರಿಂದ ಆ ಒಂದು ವಾಕ್ಯ ಸಾಲದು. ಅದೇ ಮಾತುಗಾರ ಬೇರೆಡೆ ‘ಬುಕ್ಕನ್ನು’, ‘ಬುಕ್ಕಿಗೆ’ ಎನ್ನುವನೇ ಎಂದು ಪರಿಶೀಲಿಸಬೇಕು.

ಹಳೆಯ ಗ್ರಂಥಗಳ ಅಧ್ಯಯನಕ್ಕೂ ಈ ವಿವೇಕ ಅಗತ್ಯ. ಸಂಸ್ಕೃತದ ‘ಮಾಲಾ’ ಕನ್ನಡದಲ್ಲಿ ‘ಮಾಲೆ’ಯಾಗಿ ‘ಮಾಲೆಯಂ’ ಎಂದು ಕನ್ನಡದ ವಿಭಕ್ತಿಯನ್ನು ಪಡೆಯುತ್ತದೆ. ಇಂಥ ಮಾರ್ಪಾಟುಗಳನ್ನು ಕೇಶಿರಾಜ 13ನೆಯ ಶತಮಾನದಲ್ಲೇ ಸೂತ್ರಬದ್ಧಗೊಳಿಸಿದ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಬಗೆ ಬೇರೆ. ಅಲ್ಲಿ ಪ್ರಾಕೃತದ ವಾಕ್ಯಗಳ ನಡುವೆ ಸಂಸ್ಕೃತದ ವಾಕ್ಯಗಳು ತಮ್ಮ ವಿಭಕ್ತಿಗಳೊಡನೆಯೇ ಬರುತ್ತವೆ. ಮೊದಲನೆಯದು ಎರವಲು, ಎರಡನೆಯದು ಪಲ್ಲಟ. ಎರಡನ್ನೂ ‘ಸಂಸ್ಕೃತ ಪ್ರಭಾವ’ವೆಂದು ಒಂದೇ ಕಟ್ಟಿಗೆ ಕಟ್ಟುವವರು, ಎರಡು ವ್ಯಾಕರಣಗಳಲ್ಲೂ ಸಮಾನ ಪ್ರಭುತ್ವವಿದ್ದ ಓದುಗವರ್ಗವೊಂದು ಇತ್ತೆಂಬುದಕ್ಕೆ ಧವಲಾ ನೀಡುವ ಸಾಕ್ಷ್ಯವನ್ನೇ ಕಳೆದುಕೊಳ್ಳುತ್ತಾರೆ. ‘ಮಾಲೆ’ಯನ್ನು ಬಳಸಲು ಸಂಸ್ಕೃತ ಬರಬೇಕಾಗಿರಲಿಲ್ಲ, ಧವಲಾವನ್ನು ಓದಲು ಎರಡೂ ಬರಬೇಕಿತ್ತು.