ತಕ್ಕಡಿ ತೋರಿಸದ ಬೊಜ್ಜು

ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಬಂದವರ ಎತ್ತರ ಮತ್ತು ತೂಕವನ್ನು ಮೊದಲು ನೋಡುವುದು ವಾಡಿಕೆ. ಈ ಎರಡರಿಂದ ಒಂದು ಅಂಕಿಯನ್ನು ಲೆಕ್ಕಹಾಕಿ ಚೀಟಿಯಲ್ಲಿ ಬರೆದುಕೊಡುತ್ತಾರೆ. ಅದರ ಹೆಸರು ಬಾಡಿ ಮಾಸ್ ಇಂಡೆಕ್ಸ್, ಅಂದರೆ ಬಿ.ಎಂ.ಐ. ಅದರ ಪಕ್ಕದಲ್ಲಿ 'ಸಾಮಾನ್ಯ' ಎಂದಿದ್ದರೆ ಬಹುತೇಕರು ನಿಶ್ಚಿಂತರಾಗಿ ಮನೆಗೆ ಮರಳುತ್ತಾರೆ. ಆ ನಿಶ್ಚಿಂತೆ ನಮ್ಮ ದೇಶದ ಜನರ ಮಟ್ಟಿಗೆ ಅನೇಕ ಸಲ ಹುಸಿಯಾದದ್ದೆಂಬುದು ನನ್ನ ಅಭಿಪ್ರಾಯ. ತಕ್ಕಡಿಯ ಜೊತೆಗೆ ದರ್ಜಿಯ ಟೇಪೊಂದು ಅಲ್ಲಿರಲೇಬೇಕು. ಆದರೆ ಆ ಟೇಪಿನ ಮಾತನ್ನೂ ಎಲ್ಲಿಯವರೆಗೆ ನಂಬಬೇಕೆಂಬುದನ್ನು ಅರಿತಿರಬೇಕು.

ಬಿ.ಎಂ.ಐ. ತೆಗೆಯುವ ಕ್ರಮ ಸರಳವಾದುದು. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಅದು ದೊರೆಯುತ್ತದೆ. ಈ ಸೂತ್ರದ ಮೂಲಪುರುಷನಾದ ಬೆಲ್ಜಿಯಂ ದೇಶದ ಕ್ವೆಟಲೆ ವೈದ್ಯನಲ್ಲ. ಅವನು ಹತ್ತೊಂಬತ್ತನೆಯ ಶತಮಾನದ ಗಣಿತಜ್ಞ ಹಾಗೂ ಖಗೋಳವಿಜ್ಞಾನಿ. ಜನಸಮುದಾಯದಲ್ಲಿ 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಎಂಬುದನ್ನು ಅಂಕಿಗಳಿಂದ ತಿಳಿಯುವುದು ಅವನ ಉದ್ದೇಶವಾಗಿತ್ತು. ಇಂದಿನ ಹೆಸರನ್ನು ಅದಕ್ಕೆ 1972ರಲ್ಲಿ ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್. ಸಮುದಾಯವನ್ನು ಅಳೆಯಲು ಹುಟ್ಟಿದ ಈ ಸೂತ್ರವು ಕ್ರಮೇಣ ಒಬ್ಬೊಬ್ಬರ ಆರೋಗ್ಯಕ್ಕೂ ಪ್ರಮಾಣಪತ್ರವಾಯಿತು. ತಕ್ಕಡಿಗೆ ಮಾಂಸ, ಮೇದಸ್ಸು, ಮೂಳೆ, ನೀರು ಎಂಬ ಭೇದ ತಿಳಿಯದು. ಮೇದಸ್ಸು ದೇಹದ ಯಾವ ಭಾಗದಲ್ಲಿ ಸಂಗ್ರಹವಾಗಿದೆ ಎಂಬುದಂತೂ ಅದಕ್ಕೆ ಸುತರಾಂ ತಿಳಿಯದು.

ನಮ್ಮವರಲ್ಲಿ ಮುಖ್ಯವಾದ ಪ್ರಶ್ನೆಯೇ ಅದು. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಎಂಬ ಇಬ್ಬರು ಸ್ನೇಹಿತರು ತಮ್ಮಿಬ್ಬರ ಭಾವಚಿತ್ರವನ್ನೇ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಕೂಡ 22.3. ಆದರೆ ದೇಹದಲ್ಲಿರುವ ಕೊಬ್ಬಿನ ಪಾಲು ಆಂಗ್ಲ ವೈದ್ಯರಲ್ಲಿ ಶೇಕಡಾ 9.1 ಇದ್ದರೆ, ನಮ್ಮ ದೇಶದ ವೈದ್ಯರಲ್ಲಿ ಶೇಕಡಾ 21.2 ಇತ್ತು. ಅಂಕಿ ಒಂದೇ ಆದರೂ ದೇಹಗಳು ಬೇರೆ. ಇಬ್ಬರಿಂದಲೇ ಇಡೀ ಜನಾಂಗದ ನಿರ್ಣಯ ಮಾಡಲಾಗದು, ನಿಜ. ಆದರೆ ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮೈಕಟ್ಟು ನಮ್ಮ ಊರುಗಳಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಓದುಗರೇ ಬಲ್ಲರು.

ಈ ಕಾರಣದಿಂದಲೇ 2009ರಲ್ಲಿ ನಮ್ಮ ದೇಶದ ತಜ್ಞರು ಭಾರತೀಯರಿಗೆಂದು ಬೇರೆ ಮಿತಿಗಳನ್ನು ಗೊತ್ತುಪಡಿಸಿದರು. ಬಿ.ಎಂ.ಐ. 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಸ್ಥೌಲ್ಯ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಿಕೆ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದಲ್ಲಿ, ಬಿ.ಎಂ.ಐ. ಪ್ರಕಾರ ಸ್ಥೂಲರೆನಿಸಿದವರು ಶೇಕಡಾ 28.6 ಇದ್ದರೆ, ಹೊಟ್ಟೆಯ ಬೊಜ್ಜುಳ್ಳವರು ಶೇಕಡಾ 39.5 ಇದ್ದರು. ಅಂದರೆ ನೂರು ಮಂದಿ ವಯಸ್ಕರಲ್ಲಿ ಕನಿಷ್ಠ ಹತ್ತು ಮಂದಿಯ ಬೊಜ್ಜು ಟೇಪಿಗೆ ಕಂಡಿದೆ, ತಕ್ಕಡಿಗೆ ಕಂಡಿಲ್ಲ.

ಹೊಟ್ಟೆಯ ಬೊಜ್ಜಿನ ಮೇಲೆ ಇಷ್ಟು ಕಣ್ಣೇಕೆ? ತೊಡೆ, ನಿತಂಬಗಳಲ್ಲಿ ಚರ್ಮದ ಕೆಳಗಿರುವ ಕೊಬ್ಬು ಬಹುಮಟ್ಟಿಗೆ ನಿರುಪದ್ರವಿ. ಕರುಳಿನ ಸುತ್ತ ಮತ್ತು ಯಕೃತ್ತಿನೊಳಗೆ ಕೂಡುವ ಕೊಬ್ಬು ಹಾಗಲ್ಲ. ಕರುಳಿನ ಸುತ್ತಣ ಕೊಬ್ಬು ಕರಗಿ ಹೊರಡುವ ಅಂಶ ನೇರವಾಗಿ ಯಕೃತ್ತನ್ನು ಸೇರುತ್ತದೆ. ಇದರಿಂದ ಇನ್ಸುಲಿನ್ನಿನ ಕೆಲಸ ಕುಂದಿ ರಕ್ತದಲ್ಲಿ ಸಕ್ಕರೆ ಮತ್ತು ಜಿಡ್ಡು ಏರತೊಡಗುತ್ತವೆ. ಚರಕಸಂಹಿತೆಯು ಮೇದಸ್ಸನ್ನು ಒಯ್ಯುವ ಸ್ರೋತಸ್ಸಿಗೆ ಮೂಲವೆಂದು ಹೇಳುವ ಎರಡು ಸ್ಥಾನಗಳಲ್ಲಿ ಒಂದು ವಪಾವಹನ. ಕರುಳಿನ ಮೇಲೆ ಹಾಸಿಕೊಂಡಿರುವ ಕೊಬ್ಬಿನ ಪೊರೆಯೆಂದು ಅನೇಕರು ಅದನ್ನು ಅರ್ಥೈಸುತ್ತಾರೆ. ಅತಿಸ್ಥೂಲನ ಲಕ್ಷಣ ಹೇಳುವಾಗಲೂ ಚರಕನು ತೂಕದ ಮಾತೆತ್ತುವುದಿಲ್ಲ. ನಡೆಯುವಾಗ ಜೋಲಾಡುವ ಹೊಟ್ಟೆ, ನಿತಂಬ, ಸ್ತನಗಳನ್ನು ಗುರುತಿಸುತ್ತಾನೆ.

ಈಗ ನಿತ್ಯವೂ ಕಾಣಸಿಗುವಂಥ ಇಬ್ಬರನ್ನು ತೆಗೆದುಕೊಳ್ಳೋಣ. ಇಬ್ಬರೂ ಐವತ್ತರ ಆಸುಪಾಸಿನವರು, ಇಬ್ಬರ ಎತ್ತರವೂ 165 ಸೆಂಟಿಮೀಟರ್. ಮೊದಲನೆಯವರು ಅಡತಿ ಅಂಗಡಿಯಲ್ಲಿ ದಿನವಿಡೀ ಕುಳಿತು ಲೆಕ್ಕ ಬರೆಯುವ ಗುಮಾಸ್ತರು; ತೂಕ 62 ಕಿಲೋ. 1.65ನ್ನು 1.65ರಿಂದ ಗುಣಿಸಿದರೆ 2.72, 62ನ್ನು ಅದರಿಂದ ಭಾಗಿಸಿದರೆ 22.8. ಅವರ ಚೀಟಿಯಲ್ಲಿ 'ಸಾಮಾನ್ಯ' ಎಂದು ಬರುತ್ತದೆ. ಎರಡನೆಯವರು ಅದೇ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರು. ತೂಕ 70 ಕಿಲೋ, ಬಿ.ಎಂ.ಐ. 25.7. ಅವರ ಚೀಟಿಯಲ್ಲಿ 'ಸ್ಥೌಲ್ಯ' ಎಂದು ಬರುತ್ತದೆ. ಟೇಪು ಹಿಡಿದರೆ ಗುಮಾಸ್ತರ ಸೊಂಟ 96 ಸೆಂಟಿಮೀಟರ್, ಹಮಾಲರದು 81. ಒಬ್ಬರ ತೂಕ ಹೊಟ್ಟೆಯಲ್ಲಿದೆ, ಇನ್ನೊಬ್ಬರದು ಹೆಗಲು ತೊಡೆಗಳ ಮಾಂಸದಲ್ಲಿದೆ. ರಕ್ತಪರೀಕ್ಷೆಗೆ ಮೊದಲು ಹೋಗಬೇಕಾದವರು ಗುಮಾಸ್ತರು. ಚೀಟಿ ಮಾತ್ರ ಹಮಾಲರನ್ನು ಹೆದರಿಸಿ, ಗುಮಾಸ್ತರನ್ನು ಸಮಾಧಾನಪಡಿಸಿ ಕಳಿಸಿತು.

'ನನ್ನ ಪ್ಯಾಂಟಿನ ಅಳತೆ ಹತ್ತು ವರ್ಷಗಳಿಂದ 34ರಲ್ಲೇ ಇದೆ' ಎಂದು ಆ ಗುಮಾಸ್ತರು ಹೇಳಿದರೆ ಅದೂ ಸುಳ್ಳಲ್ಲ. ಹೊಟ್ಟೆ ಬೆಳೆದಂತೆಲ್ಲ ಪ್ಯಾಂಟು ಅದರ ಕೆಳಗೆ ಜಾರುತ್ತದೆ. ಉಡಿದಾರವೂ ಹಾಗೆಯೇ ಇಳಿಯುತ್ತದೆ. 34 ಇಂಚೆಂದರೆ ಸುಮಾರು 86 ಸೆಂಟಿಮೀಟರ್. ಅವರ ನಿಜವಾದ ಅಳತೆ 38 ಇಂಚಿನಷ್ಟಿದೆ. ಆದ್ದರಿಂದ ಬಟ್ಟೆಯ ಅಳತೆಯನ್ನು ಸೊಂಟದ ಅಳತೆಯೆಂದು ತಿಳಿಯಬಾರದು.

ಅಳೆಯುವ ಸ್ಥಾನ ತಪ್ಪಿದರೆ ಟೇಪೂ ಸುಳ್ಳು ಹೇಳುತ್ತದೆ. ಬೆಳಿಗ್ಗೆ ಮಲಮೂತ್ರ ವಿಸರ್ಜನೆಯ ನಂತರ, ಆಹಾರಕ್ಕೆ ಮೊದಲು, ಪಾದಗಳನ್ನು ಜೋಡಿಸಿ ನೆಟ್ಟಗೆ ನಿಲ್ಲಬೇಕು. ಪಕ್ಕೆಯಲ್ಲಿ ಕೈಯಾಡಿಸಿ ಕಟ್ಟಕಡೆಯ ಪಕ್ಕೆಲುಬಿನ ಕೆಳ ಅಂಚನ್ನೂ, ಅದರ ಕೆಳಗೆ ಸೊಂಟದ ಮೂಳೆಯ ಮೇಲಂಚನ್ನೂ ಗುರುತಿಸಬೇಕು. ಇವೆರಡರ ನಡುಮಧ್ಯವೇ ಅಳತೆಯ ಸ್ಥಾನ. ಹೊಕ್ಕುಳನ್ನು ಗುರುತಾಗಿ ಹಿಡಿಯಬಾರದು; ಜೋತುಬಿದ್ದ ಹೊಟ್ಟೆಯಲ್ಲಿ ಹೊಕ್ಕುಳೂ ಕೆಳಗಿಳಿದಿರುತ್ತದೆ. ಟೇಪು ಸುತ್ತಲೂ ಒಂದೇ ಮಟ್ಟದಲ್ಲಿರಲಿ, ಮೈಗೆ ತಾಗಲಿ, ಒತ್ತದಿರಲಿ. ಸೀರೆಯ ನೆರಿಗೆಯ ಮೇಲೆ, ಪಂಚೆಯ ಗಂಟಿನ ಮೇಲೆ ಅಳೆಯಬಾರದು. ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿ ನೋಡಬೇಕು. ಎರಡು ಸಲ ಅಳೆದು, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಬೇಕು.

ಇಷ್ಟು ಎಚ್ಚರದಿಂದ ಅಳೆದರೂ 90 ಮತ್ತು 80 ಎಂಬ ಮಿತಿಗಳಲ್ಲಿ ಒಂದು ಕೊರತೆ ಉಳಿಯುತ್ತದೆ. ಅವು ಎತ್ತರದವರಿಗೂ ಕುಳ್ಳಗಿರುವವರಿಗೂ ಒಂದೇ. 145 ಸೆಂಟಿಮೀಟರ್ ಎತ್ತರದ ತಾಯಿಯೊಬ್ಬರ ಸೊಂಟ 78 ಇದ್ದರೆ ಮಿತಿಯೊಳಗೇ ಇದೆಯೆನಿಸುತ್ತದೆ. ಆದರೆ ಅವರ ಚಿಕ್ಕ ಮೈಕಟ್ಟಿಗೆ ಅದು ಹೆಚ್ಚೇ. ಇದಕ್ಕೆ ಪರಿಹಾರವೆಂದರೆ ಸೊಂಟವನ್ನು ಅವರವರ ಎತ್ತರದೊಡನೆ ಹೋಲಿಸುವುದು: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಆ ತಾಯಿಯ ಎತ್ತರದ ಅರ್ಧ 72.5, ಆದ್ದರಿಂದ 78 ಎಚ್ಚರಿಕೆಯ ಅಳತೆ. ನಮ್ಮ ಗುಮಾಸ್ತರ, ಹಮಾಲರ ಎತ್ತರದ ಅರ್ಧ 82.5. ಮೊದಲನೆಯವರು ಬಹಳ ಮೀರಿದ್ದಾರೆ, ಎರಡನೆಯವರು ಒಳಗಿದ್ದಾರೆ.

ಇದನ್ನು ಅಂಕಿಗಳಿಲ್ಲದೆಯೂ ನೋಡಬಹುದು. ನೆತ್ತಿಯಿಂದ ಹಿಮ್ಮಡಿಯವರೆಗೆ ನಿಮ್ಮ ಎತ್ತರದಷ್ಟೇ ಉದ್ದದ, ಹಿಗ್ಗದ ದಾರವೊಂದನ್ನು ತೆಗೆದುಕೊಂಡು ಸರಿಯಾಗಿ ಎರಡಾಗಿ ಮಡಿಸಿ ಸೊಂಟಕ್ಕೆ ಸುತ್ತಿರಿ. ತುದಿಗಳು ಕೂಡಿ ಒಂದರ ಮೇಲೊಂದು ಬಂದರೆ ಒಳ್ಳೆಯದು; ಕೂಡದಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಬ್ಬರ ದೇಹವನ್ನು ಅವರದೇ ದೇಹದಿಂದ ಅಳೆಯುವುದು ಆಯುರ್ವೇದಕ್ಕೆ ಹೊಸದಲ್ಲ. ಚರಕನು ಅಂಗಾಂಗಗಳ ಪ್ರಮಾಣವನ್ನು ಹೇಳಿರುವುದು ಆಯಾ ವ್ಯಕ್ತಿಯ ಸ್ವಂತ ಬೆರಳಿನ ಅಂಗುಲದಲ್ಲಿಯೇ. ನೀಳ್ದ ಎರಡು ತೋಳುಗಳ ಅಗಲವೂ ಎತ್ತರವೂ ಸಮವೆಂದೂ ಅವನು ಹೇಳುತ್ತಾನೆ. ಬೆನ್ನು ಬಾಗಿ ಎತ್ತರ ಕುಗ್ಗಿರುವ ವೃದ್ಧರಲ್ಲಿ ಎತ್ತರದ ಬದಲು ತೋಳುಗಳ ಅಗಲವನ್ನು ತೆಗೆದುಕೊಳ್ಳುವ ಪದ್ಧತಿ ಇಂದಿಗೂ ಇದೆ. ಅವೆರಡು ಎಲ್ಲರಲ್ಲೂ ಕರಾರುವಾಕ್ಕಾಗಿ ಸಮವಿರುವುದಿಲ್ಲವಾದರೂ ಅಂದಾಜಿಗೆ ಸಾಕು.

ಹಾಗಾದರೆ ತಕ್ಕಡಿಯನ್ನು ಬಿಟ್ಟೇಬಿಡೋಣವೇ? ಬೇಡ. ಕೃಶತೆಯನ್ನು ಹೇಳುವುದು ತಕ್ಕಡಿಯೇ. ಬಿ.ಎಂ.ಐ. 18.5ಕ್ಕಿಂತ ಕಡಿಮೆಯಾದರೆ ಪೋಷಣೆಯ ಕೊರತೆಯನ್ನೋ ರೋಗವನ್ನೋ ಹುಡುಕಬೇಕು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಸಂತೋಷಪಡುವ ವಿಷಯವಲ್ಲ. ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್ ತೊಂದರೆ, ಅರ್ಬುದಗಳೂ ಹೀಗೆಯೇ ಸೂಚನೆ ಕೊಡುತ್ತವೆ. ವೃದ್ಧಾಪ್ಯದಲ್ಲಿ ಮಾಂಸ ಕ್ಷೀಣಿಸುವುದನ್ನು ಸೊಂಟದ ಅಳತೆ ತಿಳಿಸಲಾರದು.

ಟೇಪು ಹೊಟ್ಟೆಯ ಹೊರಗಿನ ಸುತ್ತನ್ನು ಮಾತ್ರ ಅಳೆಯುತ್ತದೆ. ಆ ಸುತ್ತಿನೊಳಗೆ ಚರ್ಮದಡಿಯ ಕೊಬ್ಬೆಷ್ಟು, ಕರುಳಿನ ಸುತ್ತಣ ಕೊಬ್ಬೆಷ್ಟು ಎಂಬುದು ಅದರಿಂದ ತಿಳಿಯದು. ಗರ್ಭಿಣಿಯರಿಗೆ ಇದು ಅನ್ವಯಿಸುವುದಿಲ್ಲ. ಹೊಟ್ಟೆಯುಬ್ಬರ, ಅಂತ್ರವೃದ್ಧಿ, ಹೊಟ್ಟೆಯಲ್ಲಿ ನೀರು ತುಂಬುವ ಜಲೋದರ, ಒಳಗಿನ ಗಡ್ಡೆ ಇವೆಲ್ಲವೂ ಸುತ್ತಳತೆಯನ್ನು ಹೆಚ್ಚಿಸುತ್ತವೆ. ಕೆಲವೇ ವಾರಗಳಲ್ಲಿ ಹೊಟ್ಟೆ ದೊಡ್ಡದಾಗಿ ಕೈಕಾಲು ಸೊರಗಿದರೆ, ಅಥವಾ ಕಾಲುಗಳಲ್ಲಿ ಬಾವು ಬಂದರೆ, ಅದನ್ನು ಬೊಜ್ಜೆಂದು ಭಾವಿಸಿ ಊಟ ಬಿಡಬಾರದು. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಇನ್ನು ಸೊಂಟ ಸಣ್ಣದಿದ್ದವರಿಗೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರುವುದುಂಟು. ಆದ್ದರಿಂದ ಮೂವತ್ತು ದಾಟಿದವರು ದಾರದ ತುದಿಗಳು ಕೂಡಿದವೆಂದು ರಕ್ತಪರೀಕ್ಷೆಯನ್ನು ಬಿಡಬಾರದು.

ಟೇಪಿನ ನಿಜವಾದ ಬೆಲೆ ಒಂದು ದಿನದ ಅಳತೆಯಲ್ಲಿಲ್ಲ, ತಿಂಗಳು ತಿಂಗಳ ಹೋಲಿಕೆಯಲ್ಲಿದೆ. ನಮ್ಮ ಗುಮಾಸ್ತರು ನಿತ್ಯ ಮುಕ್ಕಾಲು ಗಂಟೆ ಬಿರುಸಾಗಿ ನಡೆದು, ರಾತ್ರಿಯ ಅನ್ನವನ್ನು ಮಿತಗೊಳಿಸಿ, ಮೈಮುರಿದು ದುಡಿದರೆಂದುಕೊಳ್ಳಿ. ಆರು ತಿಂಗಳ ನಂತರ ತಕ್ಕಡಿ ಒಂದೇ ಕಿಲೋ ಇಳಿದಿದೆಯೆಂದು ತೋರಿಸಿದರೂ, ಸೊಂಟ 96ರಿಂದ 91ಕ್ಕೆ ಬಂದಿರಬಹುದು. ಹೊಟ್ಟೆಯ ಮೇದಸ್ಸು ಕರಗಿ ಕಾಲುಗಳಲ್ಲಿ ಮಾಂಸ ಕೂಡಿದಾಗ ಹೀಗಾಗುತ್ತದೆ. ತಕ್ಕಡಿಯೊಂದನ್ನೇ ನಂಬಿದವರು ಈ ಹಂತದಲ್ಲಿ ಪ್ರಯೋಜನವಿಲ್ಲವೆಂದು ನಡಿಗೆಯನ್ನು ನಿಲ್ಲಿಸಿಬಿಡುತ್ತಾರೆ.

ಆದ್ದರಿಂದ ಶಿಬಿರಗಳನ್ನು ಏರ್ಪಡಿಸುವವರಲ್ಲಿ ನನ್ನ ವಿನಂತಿ ಇಷ್ಟೇ. ಚೀಟಿಯಲ್ಲಿ ಎತ್ತರ, ತೂಕಗಳ ಜೊತೆಗೆ ಸೊಂಟದ ಸುತ್ತಳತೆಯನ್ನೂ ಬರೆಯಿರಿ. ಸ್ತ್ರೀಯರ ಅಳತೆಗೆ ಮರೆಯಿರುವ ಸ್ಥಳವನ್ನೂ ಒಬ್ಬ ಸಹೋದರಿಯನ್ನೂ ಏರ್ಪಡಿಸಿರಿ. 'ಸಾಮಾನ್ಯ' ಎಂಬ ಪದವನ್ನು ಕೈಬಿಟ್ಟು, ಎತ್ತರದ ಅರ್ಧಕ್ಕಿಂತ ಸೊಂಟ ಹೆಚ್ಚಿದ್ದವರಿಗೆ 'ಉಪವಾಸದ ರಕ್ತಸಕ್ಕರೆ, ಜಿಡ್ಡಿನಂಶ ಮತ್ತು ರಕ್ತದೊತ್ತಡ ನೋಡಿಸಿ' ಎಂದು ಬರೆಯಿರಿ. ಯಾವ ಪರೀಕ್ಷೆ ಬೇಕೆಂಬುದನ್ನು ತಿಳಿಸುವುದಷ್ಟೇ ಈ ಅಳತೆಗಳ ಕೆಲಸ. ರೋಗವಿದೆ ಅಥವಾ ಇಲ್ಲವೆಂದು ತೀರ್ಮಾನಿಸುವ ಅಧಿಕಾರ ತಕ್ಕಡಿಗೂ ಇಲ್ಲ, ಟೇಪಿಗೂ ಇಲ್ಲ.