ಸೀಟೇ ಇಲ್ಲದ ಕಡೆ ಅರ್ಜಿ ಶುಲ್ಕ ಯಾಕೆ?

ಫೆಬ್ರವರಿ ಬಂತೆಂದರೆ ಅಮೆರಿಕದ ಪಿಎಚ್‌ಡಿಗೆ ಅರ್ಜಿ ಹಾಕಿದ ನಮ್ಮ ಹುಡುಗ ಹುಡುಗಿಯರಿಗೆ ಒಂದೇ ಒಕ್ಕಣೆಯ ಇಮೇಲ್‌ಗಳು ಬರತೊಡಗುತ್ತವೆ. ಅರ್ಜಿಗಳು ಬಹಳ ಬಂದಿದ್ದವು, ಅರ್ಹರೂ ಬಹಳ ಮಂದಿ ಇದ್ದರು, ವಿಷಾದಿಸುತ್ತೇವೆ. ಹತ್ತಕ್ಕೆ ಹತ್ತೂ ಕಡೆಯಿಂದ ಹೀಗೇ ಬಂದಾಗ ಮನೆಯವರಿಗೆ ಮಗುವಿನಲ್ಲೇ ಏನೋ ಕೊರತೆ ಕಾಣುತ್ತದೆ. ಕನ್ಸಲ್ಟೆನ್ಸಿಯವರು ಆ ಅನುಮಾನಕ್ಕೆ ಮೊಹರು ಒತ್ತುತ್ತಾರೆ: ‘ಪ್ರೊಫೈಲ್ ಗಟ್ಟಿ ಮಾಡಬೇಕು ಸಾರ್’. ಅಂದರೆ ಇನ್ನೊಮ್ಮೆ ಜಿಆರ್‌ಇ, ಇನ್ನೆರಡು ಆನ್‌ಲೈನ್ ಸರ್ಟಿಫಿಕೇಟ್, ಮುಂದಿನ ವರ್ಷಕ್ಕೆ ಇನ್ನೊಂದು ಪ್ಯಾಕೇಜ್. ಎಷ್ಟೋ ವಿಭಾಗಗಳು ಜಿಆರ್‌ಇ ಕೇಳುವುದನ್ನೇ ನಿಲ್ಲಿಸಿವೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅಮೆರಿಕದ ವಿಜ್ಞಾನ ಪಿಎಚ್‌ಡಿಯನ್ನು ನಾವು ಸಿಇಟಿ ಕಣ್ಣಿನಿಂದ ನೋಡುತ್ತೇವೆ. ಅಂಕ ಇದ್ದರೆ ರ‍್ಯಾಂಕ್, ರ‍್ಯಾಂಕ್ ಇದ್ದರೆ ಸೀಟು. ಅಲ್ಲಿನ ಲೆಕ್ಕ ಬೇರೆ. ಪಿಎಚ್‌ಡಿ ವಿದ್ಯಾರ್ಥಿಯ ಬೋಧನಾ ಶುಲ್ಕ ಮತ್ತು ಸ್ಟೈಪೆಂಡ್ ಎರಡನ್ನೂ ಯಾರಾದರೂ ಐದಾರು ವರ್ಷ ಹೊರಬೇಕು. ಸಾಮಾನ್ಯವಾಗಿ ಮೊದಲ ಒಂದೆರಡು ವರ್ಷ ವಿಭಾಗ ಹೊರುತ್ತದೆ, ಆಮೇಲೆ ಪ್ರಾಧ್ಯಾಪಕರ ಸಂಶೋಧನಾ ಅನುದಾನ. ಆ ಪ್ರಾಧ್ಯಾಪಕರ ಅನುದಾನ ಮುಗಿಯುತ್ತಾ ಬಂದಿದ್ದರೆ, ನಿಮ್ಮ ಅರ್ಜಿ ಎಷ್ಟೇ ಚೆನ್ನಾಗಿದ್ದರೂ ಅವರು ಸಮಿತಿಯಲ್ಲಿ ಕೈ ಎತ್ತುವುದಿಲ್ಲ. ಹೊರದೇಶದವರಿಗೆ ಇನ್ನೊಂದು ಕಂಟಕವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ವಿಭಾಗಗಳಿಗೆ ಕೊಡುವ ‘ಟಿ32’ ಎಂಬ ತರಬೇತಿ ಅನುದಾನದಲ್ಲಿ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಸ್ಟೈಪೆಂಡ್ ಕೊಡಬಹುದು. ಹಾಗಾಗಿ ಜೀವವಿಜ್ಞಾನದ ಎಷ್ಟೋ ವಿಭಾಗಗಳಲ್ಲಿ ಹೊರದೇಶದವರಿಗೆ ಉಳಿಯುವ ಜಾಗ ಬೆರಳೆಣಿಕೆಯಷ್ಟು. ಈ ಮಾತು ನಿರಾಕರಣೆಯ ಪತ್ರದಲ್ಲಿ ಇರುವುದಿಲ್ಲ.

2025ರಲ್ಲಿ ಈ ಗುಟ್ಟು ಬಯಲಿಗೆ ಬಿತ್ತು. ಫೆಬ್ರವರಿಯಲ್ಲಿ ಎನ್‌ಐಎಚ್ ತನ್ನ ಅನುದಾನಗಳ ಪರೋಕ್ಷ ವೆಚ್ಚಕ್ಕೆ ಶೇ 15ರ ಮಿತಿ ಘೋಷಿಸಿತು. ನ್ಯಾಯಾಲಯ ಅದನ್ನು ತಡೆಯಿತು, ಆದರೆ ವಿಶ್ವವಿದ್ಯಾಲಯಗಳು ಅಷ್ಟರಲ್ಲೇ ಬೆಚ್ಚಿದ್ದವು. ಪಿಟ್ಸ್‌ಬರ್ಗ್ ಪಿಎಚ್‌ಡಿ ಪ್ರವೇಶವನ್ನು ಸ್ವಲ್ಪ ಕಾಲ ನಿಲ್ಲಿಸಿತು. ಪೆನ್ಸಿಲ್ವೇನಿಯಾ ಸೀಟು ಇಳಿಸಿತು. ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಚಾನ್ ವೈದ್ಯಕೀಯ ಶಾಲೆ ಕೊಟ್ಟಿದ್ದ ಪ್ರವೇಶವನ್ನೇ ಹಿಂಪಡೆಯಿತು. ಜನವರಿಯಲ್ಲಿ ಅರ್ಹರಾಗಿದ್ದವರು ಮಾರ್ಚ್‌ ಹೊತ್ತಿಗೆ ಅನರ್ಹರಾದರೇ? ಬದಲಾದದ್ದು ಖಜಾನೆ.

ಒಂದು ಮಾದರಿ ಅರ್ಜಿಯನ್ನು ಬಿಚ್ಚಿ ನೋಡೋಣ. ವಿಟಿಯು ಕಾಲೇಜಿನ ಬಯೋಟೆಕ್ನಾಲಜಿ ಬಿಇ, ಸಿಜಿಪಿಎ 9.2, ಒಂದು ಸಮ್ಮೇಳನದಲ್ಲಿ ಪೋಸ್ಟರ್. ಅರ್ಜಿ ಹಾಕಿದ್ದು ಹತ್ತು ಕಡೆ, ಒಂದಕ್ಕೆ ಸರಾಸರಿ 90 ಡಾಲರ್. ಮುಕ್ಕಾಲು ಲಕ್ಷ ರೂಪಾಯಿ ಅಲ್ಲೇ ಹೋಯಿತು. ಹತ್ತರಲ್ಲಿ ಆರು ಟಿ32 ಹಣದ ಮೇಲೆ ನಿಂತ ವಿಭಾಗಗಳು. ಉಳಿದ ನಾಲ್ಕರಲ್ಲಿ ಎಸ್‌ಒಪಿಯಲ್ಲಿ ಹೆಸರಿಸಿದ ಪ್ರಾಧ್ಯಾಪಕರನ್ನು ಹುಡುಕಿದರೆ ಒಬ್ಬರು ನಿವೃತ್ತಿಯ ಅಂಚಿನಲ್ಲಿದ್ದಾರೆ, ಒಬ್ಬರು ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿದ್ದಾರೆ, ಇನ್ನೊಬ್ಬರ ಅನುದಾನ ಈ ವಿದ್ಯಾರ್ಥಿನಿ ಸೇರುವ ವರ್ಷವೇ ಮುಗಿಯುತ್ತದೆ. ನಿಜವಾದ ಅವಕಾಶ ಇದ್ದದ್ದು ಒಂದೇ ಕಡೆ. ಇದನ್ನು ಪತ್ತೆಮಾಡಲು ಗೂಢಚಾರಿಕೆ ಬೇಕಿಲ್ಲ. reporter.nih.gov ತಾಣದಲ್ಲಿ ಪ್ರಾಧ್ಯಾಪಕರ ಹೆಸರು ಹಾಕಿದರೆ ಅವರ ಎನ್‌ಐಎಚ್ ಅನುದಾನಗಳು, ಮೊತ್ತ, ಮುಗಿಯುವ ದಿನಾಂಕ ಎಲ್ಲವೂ ಸಿಗುತ್ತವೆ. ಲಕ್ಷಗಟ್ಟಲೆ ವಸೂಲಿ ಮಾಡುವ ಕನ್ಸಲ್ಟೆನ್ಸಿಗಳು ಈ ಹತ್ತು ನಿಮಿಷದ ಕೆಲಸ ಮಾಡುವುದಿಲ್ಲ.

ಹಾಗಂತ ತಪ್ಪೆಲ್ಲ ಅವರದೇ ಅಲ್ಲ. ಇದೇ ಅರ್ಜಿಯ ಶಿಫಾರಸು ಪತ್ರಗಳನ್ನು ನೋಡಿ: ಎಚ್‌ಒಡಿ, ಪ್ರಾಜೆಕ್ಟ್ ಗೈಡ್, ಪ್ರಿನ್ಸಿಪಾಲ್. ಮೂವರೂ ಬರೆದದ್ದು ಶ್ರಮಜೀವಿ, ವಿನಯವಂತೆ, ತರಗತಿಗೆ ಮೊದಲಿಗಳು. (ಡ್ರಾಫ್ಟ್ ಬರೆದುಕೊಟ್ಟದ್ದು ವಿದ್ಯಾರ್ಥಿನಿಯೇ ಎಂಬುದು ನಮ್ಮ ಕಾಲೇಜುಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.) ಅಲ್ಲಿನ ಸಮಿತಿ ಹುಡುಕುವುದು ಇನ್ನೊಂದನ್ನು: ಪ್ರಯೋಗ ಕೈಕೊಟ್ಟಾಗ ಈ ಹುಡುಗಿ ಏನು ಮಾಡಿದಳು? ದೋಷ ಎಲ್ಲಿದೆ ಎಂದು ತಾನೇ ಕಂಡುಕೊಂಡಳೇ? ಅದನ್ನು ಬರೆಯಲು ಅವಳ ಜೊತೆ ತಿಂಗಳುಗಟ್ಟಲೆ ಬೆಂಚಿನ ಮುಂದೆ ನಿಂತವರೇ ಬೇಕು. ಪ್ರಿನ್ಸಿಪಾಲರ ಸಹಿಯಿಂದ ಅದು ಆಗುವುದಿಲ್ಲ.

ಆದ್ದರಿಂದ ಮರುಅರ್ಜಿಗೆ ಮೊದಲು ಕೇಳಬೇಕಾದ ಪ್ರಶ್ನೆ, ಅರ್ಜಿ ಸತ್ತದ್ದು ಯಾವ ಹಂತದಲ್ಲಿ ಎಂಬುದು. ಸಂದರ್ಶನಗಳು ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲಿ ನಡೆಯುತ್ತವೆ. ಎಲ್ಲಿಂದಲೂ ಕರೆ ಬರದಿದ್ದರೆ ದೋಷ ಅರ್ಜಿ ಹಾಕಿದ ವಿಭಾಗಗಳ ಪಟ್ಟಿಯಲ್ಲಿ, ಶಿಫಾರಸು ಪತ್ರಗಳಲ್ಲಿ ಅಥವಾ ಎಸ್‌ಒಪಿಯಲ್ಲಿದೆ. ಎರಡು ಮೂರು ಕಡೆ ಸಂದರ್ಶನವಾಗಿ ವೇಟ್‌ಲಿಸ್ಟ್‌ನಲ್ಲಿ ನಿಂತು ಹೋಗಿದ್ದರೆ ಬಹುಪಾಲು ಅರ್ಜಿ ಸರಿಯಾಗೇ ಇದೆ, ಜಾಗ ಸಾಲಲಿಲ್ಲ ಅಷ್ಟೆ. ಈ ಎರಡಕ್ಕೂ ಔಷಧ ಒಂದೇ ಅಲ್ಲ. ಎರಡನೆಯವರು ಪಟ್ಟಿ ತಿದ್ದಿ, ಹೊಸ ಕೆಲಸ ಸೇರಿಸಿ, ಮುಂದಿನ ಡಿಸೆಂಬರಿನಲ್ಲೇ ಹಾಕಬಹುದು. ಸಂದರ್ಶನ ಮಾಡಿದ ಪ್ರಾಧ್ಯಾಪಕರಿಗೆ ಏಪ್ರಿಲ್ 15 ಕಳೆದ ಮೇಲೆ ನಾಲ್ಕು ಸಾಲಿನ ಮೇಲ್ ಬರೆದು, ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮುಖವನ್ನೇ ನೋಡದ ಸಮಿತಿಗೆ ಮಾತ್ರ ಕಾರಣ ಕೇಳಿ ಬರೆಯಬೇಡಿ, ಉಪಯೋಗವಿಲ್ಲ.

ಮೊದಲನೆಯವರ ದಾರಿ ಉದ್ದ. ಐಐಎಸ್‌ಸಿ, ಎನ್‌ಸಿಬಿಎಸ್, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಂಥ ಕಡೆ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಗಳಿಗೆ ಆಗಾಗ ಕರೆ ಇರುತ್ತದೆ. ಸಂಬಳ ಕಡಿಮೆ, ಕರಾರು ಅಲ್ಪಾವಧಿಯದು. ಆದರೆ ಜೂನ್‌ನಲ್ಲಿ ಸೇರಿದರೆ ಡಿಸೆಂಬರ್ ಹೊತ್ತಿಗೆ ಆ ಲ್ಯಾಬಿನ ಮುಖ್ಯಸ್ಥರು ನಿಮ್ಮನ್ನು ಆರು ತಿಂಗಳು ಕಂಡಿರುತ್ತಾರೆ, ಪತ್ರದಲ್ಲಿ ಬರೆಯಲು ಏನಾದರೂ ಇರುತ್ತದೆ. ಅಕ್ಟೋಬರ್‌ನಲ್ಲಿ ಸೇರಿ ಡಿಸೆಂಬರ್‌ಗೆ ಪತ್ರ ಕೇಳಿದರೆ ಅದು ಮತ್ತೆ ‘ಶ್ರಮಜೀವಿ’ ಪತ್ರವೇ. ಅಂಥವರು ಆ ವರ್ಷ ಬಿಟ್ಟು ಮುಂದಿನದಕ್ಕೆ ಹಾಕುವುದು ಲೇಸು. ಒಂದು ವರ್ಷ ಹೋಯಿತು ಎಂದು ಬಂಧುಗಳು ಗೊಣಗುತ್ತಾರೆ, ಗೊಣಗಲಿ. ಪ್ರಾಧ್ಯಾಪಕರ ಆಯ್ಕೆಯಲ್ಲಿ ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕರನ್ನು ಕಡೆಗಣಿಸಬೇಡಿ. ಅವರ ಕೈಯಲ್ಲಿ ಲ್ಯಾಬು ಕಟ್ಟಲು ವಿಶ್ವವಿದ್ಯಾಲಯ ಕೊಟ್ಟ ಹಣವಿರುತ್ತದೆ, ವಿದ್ಯಾರ್ಥಿಗಳು ಇರುವುದಿಲ್ಲ. ಜೊತೆಗೆ ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳಲ್ಲಿ ಪಿಎಚ್‌ಡಿಯನ್ನು ಬಹುಮಟ್ಟಿಗೆ ಸಂಬಳದ ಹುದ್ದೆಯಾಗಿಯೇ ಜಾಹೀರಾತು ಮಾಡುತ್ತಾರೆ. ಹಣ ಇದ್ದರೆ ಮಾತ್ರ ಜಾಹೀರಾತು ಬರುತ್ತದೆ, ಹೆಚ್ಚಿನ ಕಡೆ ಅರ್ಜಿ ಶುಲ್ಕವೂ ಇಲ್ಲ. ಆದರೆ ಅಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್ ಕೇಳುತ್ತಾರೆ, ಬಿಇ ಒಂದೇ ಸಾಲದು.

ಇಷ್ಟು ಲೆಕ್ಕಾಚಾರವನ್ನು ಇಪ್ಪತ್ತೆರಡರ ಹುಡುಗಿಯೊಬ್ಬಳ ತಲೆಗೆ ಕಟ್ಟಿರುವುದೇ ಅನ್ಯಾಯ. ಯಾವ ಪ್ರಾಧ್ಯಾಪಕರು ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರೆ ಎಂಬುದನ್ನು ಮುಂಚೆಯೇ ಹೇಳಲಾಗದು, ಅನುದಾನ ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ ಎಂದು ವಿಭಾಗಗಳು ಸಬೂಬು ಹೇಳುತ್ತವೆ. ಆದರೆ ಅದೇ ಅಮೆರಿಕದ ಎಷ್ಟೋ ಕ್ಲಿನಿಕಲ್ ಸೈಕಾಲಜಿ ವಿಭಾಗಗಳು ಪ್ರತಿ ವರ್ಷ ಅರ್ಜಿ ತೆರೆಯುವಾಗಲೇ ಆ ಪಟ್ಟಿಯನ್ನು ತಮ್ಮ ತಾಣದಲ್ಲಿ ಹಾಕುತ್ತವೆ. ಅವರಿಗೆ ಆಗುವುದು ಉಳಿದವರಿಗೆ ಯಾಕೆ ಆಗದು? ಹೊರದೇಶದವರಿಗೆ ಕಳೆದ ವರ್ಷ ಎಷ್ಟು ಜಾಗ ಸಿಕ್ಕಿತು ಎಂಬ ಒಂದು ಸಂಖ್ಯೆಯನ್ನಾದರೂ ಶುಲ್ಕ ಕಟ್ಟುವ ಪುಟದಲ್ಲೇ ಹಾಕಲಿ. ಅಲ್ಲಿಯವರೆಗೆ, ಓದುಗರಲ್ಲಿ ಯಾರಾದರೂ ಮರುಅರ್ಜಿಗೆ ಸಿದ್ಧರಾಗುತ್ತಿದ್ದರೆ, ಹೆಸರಿಸುವ ಪ್ರತಿ ಪ್ರಾಧ್ಯಾಪಕರ ಅನುದಾನದ ಕೊನೆಯ ದಿನಾಂಕ ನೋಡದೆ ಒಂದು ಡಾಲರ್ ಕೂಡ ಕಟ್ಟಬೇಡಿ.